ಮಾರಾಟ ಏರಿದೆ, ವರ್ಗ ಇಳಿದಿದೆ

ಓದುಗರ ಪತ್ರ: ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮ ಮಾರಾಟ ವರ್ಷ ವರ್ಷ ಏರುತ್ತಿದೆ. ಆದರೆ ಸರ್ಕಾರದ ಉದ್ಯಮ್ ಪೋರ್ಟಲ್ ಕೊಡುವ ಪ್ರಮಾಣಪತ್ರದಲ್ಲಿ ‘ಮಧ್ಯಮ’ ಅಂತಿದ್ದದ್ದು ಈಗ ‘ಸಣ್ಣ’ ಆಗಿದೆ. ಪೋರ್ಟಲ್ ತಪ್ಪು ಅಂತಾರೆ ಮಾಲೀಕರು. 41 ಕೋಟಿಯ ಯಂತ್ರ ಇಟ್ಟುಕೊಂಡವರು ಸಣ್ಣವರು ಹೇಗೆ ಅಂತ ನಮ್ಮ ದೊಡ್ಡ ಗಿರಾಕಿಯೂ ಕೇಳುತ್ತಿದ್ದಾರೆ. 2025-26ರ ಮಾರಾಟ 116 ಕೋಟಿ ಮುಟ್ಟಬಹುದು. ಮಷಿನ್ ಶಾಪನ್ನು ಬೇರೆ ಕಂಪನಿ ಮಾಡಿಬಿಡೋಣ ಅನ್ನುವ ಮಾತೂ ನಡೆದಿದೆ. ಪ್ರಮಾಣಪತ್ರದ ಪ್ರತಿ ಜೊತೆಗಿದೆ. ಏನು ಮಾಡಬೇಕು?

ಸಂಪಾದಕರ ಉತ್ತರ: ಪೋರ್ಟಲ್ ಸರಿಯಾಗೇ ಇದೆ. ನೀವು ಇಳಿದಿಲ್ಲ, ಗೆರೆ ಮೇಲೆ ಹೋಗಿದೆ.

2025ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆಯಡಿಯ ಮಿತಿಗಳನ್ನು ಏರಿಸಿತು. ಯಂತ್ರದ ಮೇಲಿನ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ಮೀರದಿದ್ದರೆ ಸೂಕ್ಷ್ಮ. 25 ಕೋಟಿ ಮತ್ತು 100 ಕೋಟಿಯೊಳಗಿದ್ದರೆ ಸಣ್ಣ. 125 ಕೋಟಿ ಮತ್ತು 500 ಕೋಟಿಯೊಳಗಿದ್ದರೆ ಮಧ್ಯಮ. ‘ದೊಡ್ಡ’ ಅನ್ನುವುದಕ್ಕೆ ಈ ಕಾಯ್ದೆಯಲ್ಲಿ ಬೇರೆ ಅಳತೆಯೇ ಇಲ್ಲ, ಮಧ್ಯಮದ ಮಿತಿ ದಾಟಿದವರೆಲ್ಲ ದೊಡ್ಡವರು. ಅದಕ್ಕೂ ಹಿಂದೆ, 2020ರ ಜುಲೈನಿಂದ ನಡೆದುಬಂದ ಲೆಕ್ಕದಲ್ಲಿ, ಸಣ್ಣದರ ಮಿತಿ 10 ಕೋಟಿ ಮತ್ತು 50 ಕೋಟಿ ಇತ್ತು. ನಿಮ್ಮ ಮಾಲೀಕರ ತಲೆಯಲ್ಲಿ ಉಳಿದಿರುವುದು ಅದೇ ಇರಬೇಕು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ಎರಡರಲ್ಲಿ ಯಾವ ಒಂದು ಮಿತಿ ದಾಟಿದರೂ ಮೇಲಿನ ವರ್ಗ. ಕೆಳಗೆ ಬರಬೇಕೆಂದರೆ ಎರಡರಲ್ಲೂ ಒಳಗಿರಬೇಕು. ಎಷ್ಟು ಜನ ಕೆಲಸಕ್ಕಿದ್ದಾರೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಈಗ ಆ 41 ಕೋಟಿಯ ವಿಷಯ. ಅದು ಖರೀದಿ ಬಿಲ್ಲುಗಳನ್ನು ಕೂಡಿಸಿದ ಮೊತ್ತ, ಅಲ್ವಾ? 2020ಕ್ಕೆ ಮೊದಲು ಹಾಗೇ ನೋಡುತ್ತಿದ್ದರು, ಕೊಂಡ ಬೆಲೆಯೇ ಹೂಡಿಕೆ ಆಗಿತ್ತು. ನಿಮ್ಮ ಗಿರಾಕಿ ಇನ್ನೂ ಆ ಕಾಲದಲ್ಲೇ ಇದ್ದಾರೆ. ಈಗ ಪೋರ್ಟಲ್ ಎತ್ತಿಕೊಳ್ಳುವುದು ನಿಮ್ಮ ಆದಾಯ ತೆರಿಗೆ ರಿಟರ್ನ್‌ನಲ್ಲಿರುವ ಅಂಕಿಯನ್ನು, ಅಂದರೆ ಸವಕಳಿ ಕಳೆದು ಉಳಿದ ಬೆಲೆಯನ್ನು. ಜಾಗ, ಕಟ್ಟಡ, ಪೀಠೋಪಕರಣ ಸೇರುವುದಿಲ್ಲ. ನೀವು ಕಳಿಸಿದ ಪ್ರತಿಯಲ್ಲಿ ಉಳಿದ ಬೆಲೆ 19.2 ಕೋಟಿ ಇದೆ. ಅದರ ಪಕ್ಕದ ಕಾಲಮ್‌ನಲ್ಲಿ 1.2 ಕೋಟಿ ಕಳೆದಿದ್ದಾರೆ ನೋಡಿ, ಅದು ಮಾಲಿನ್ಯ ನಿಯಂತ್ರಣ, ಸಂಶೋಧನೆ ಮತ್ತು ಸುರಕ್ಷತಾ ಸಾಧನಗಳ ಬಾಬ್ತು. ಫರ್ನೇಸಿನ ಹೊಗೆ ಎಳೆಯುವ ವ್ಯವಸ್ಥೆ, ಮರಳಿನ ಧೂಳು ಹಿಡಿಯುವ ಯಂತ್ರ ಎಲ್ಲ ಇದರಲ್ಲೇ ಬರಬೇಕು. ಎಷ್ಟೋ ಫೌಂಡ್ರಿಗಳವರು ಈ ಕಾಲಮ್ ಖಾಲಿ ಬಿಟ್ಟು ಸುಮ್ನೆ ಹೂಡಿಕೆ ಜಾಸ್ತಿ ತೋರಿಸಿಕೊಳ್ಳುತ್ತಾರೆ. ನಿಮ್ಮದು ಸರಿಯಾಗಿದೆ. ನಿವ್ವಳ ಹೂಡಿಕೆ 18 ಕೋಟಿ.

ವಹಿವಾಟಿಗೂ ಹೀಗೇ ಮೂರು ಕಾಲಮ್. ಒಟ್ಟು 98 ಕೋಟಿ, ಅದರಲ್ಲಿ ರಫ್ತು 14 ಕೋಟಿ, ರಫ್ತು ಕಳೆದು ನಿವ್ವಳ 84 ಕೋಟಿ. ವರ್ಗ ತೀರ್ಮಾನಕ್ಕೆ ರಫ್ತು ಲೆಕ್ಕಕ್ಕಿಲ್ಲ. 18 ಮತ್ತು 84 ಹಳೆಯ ಲೆಕ್ಕದಲ್ಲಿ ಮಧ್ಯಮ, ಹೊಸ ಲೆಕ್ಕದಲ್ಲಿ ಸಣ್ಣ. ಅಷ್ಟೇ ಕಥೆ. ಇದು 2023-24ರ ರಿಟರ್ನ್‌ನ ಅಂಕಿ ಅನ್ನುವುದನ್ನೂ ಗಮನಿಸಿ. ಏಪ್ರಿಲ್ 1ಕ್ಕೆ ಆಗಷ್ಟೇ ಮುಗಿದ ವರ್ಷದ ರಿಟರ್ನ್ ಯಾರೂ ಹಾಕಿರುವುದಿಲ್ಲವಲ್ಲ, ಹಾಗಾಗಿ ಪ್ರಮಾಣಪತ್ರ ಯಾವಾಗಲೂ ನಿಮ್ಮ ಇವತ್ತಿನ ಸ್ಥಿತಿಗಿಂತ ಸ್ವಲ್ಪ ಹಿಂದೆಯೇ ಇರುತ್ತದೆ.

ಗಿರಾಕಿ ಯಾಕೆ ಒಪ್ಪುತ್ತಿಲ್ಲ ಅಂತ ಆಶ್ಚರ್ಯಪಡಬೇಡಿ. ಅವರಿಗೆ ನಿಮ್ಮ ಗಾತ್ರದ ಚಿಂತೆ ಇಲ್ಲ, ಪಾವತಿಯ ಚಿಂತೆ. ತಡವಾದ ಪಾವತಿಯ ರಕ್ಷಣೆ ಸೂಕ್ಷ್ಮ ಮತ್ತು ಸಣ್ಣವರಿಗೆ ಮಾತ್ರ, ಮಧ್ಯಮಕ್ಕಿಲ್ಲ. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಇದಕ್ಕಿಂತ ಅವರಿಗೆ ಚುಚ್ಚುವುದು 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 43ಬಿ(ಎಚ್). 2023-24ರ ಲೆಕ್ಕದಿಂದ ಬಂದ ನಿಯಮ ಇದು. ಸಣ್ಣ ಪೂರೈಕೆದಾರನಿಗೆ ಗಡುವು ಮೀರಿ ಬಾಕಿ ಉಳಿಸಿಕೊಂಡು ವರ್ಷ ಮುಗಿಸಿದರೆ ಆ ಖರ್ಚನ್ನು ಆ ವರ್ಷದ ಲಾಭದಿಂದ ಕಳೆಯುವ ಹಾಗಿಲ್ಲ, ಹಣ ಕೊಟ್ಟ ವರ್ಷದಲ್ಲೇ ಕಳೆಯಬೇಕು. 90 ದಿನ ಕಾಯಿಸಿ ರೂಢಿಯಾದವರಿಗೆ ನೀವು ಇದ್ದಕ್ಕಿದ್ದಂತೆ ‘ಸಣ್ಣ’ ಆಗುವುದು ಹಿಡಿಸುತ್ತದೆಯೇ? ಹಾಗಾಗಿ ವಾದಕ್ಕೆ ಇಳಿಯಬೇಡಿ. ವರ್ಗ ಬದಲಾದ ದಿನಾಂಕ ಇರುವ ಹೊಸ ಪ್ರತಿಯನ್ನು ಇಮೇಲ್‌ನಲ್ಲಿ ಕಳಿಸಿ, ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಮತ್ತು ವರ್ಗ ಎರಡೂ ಅಚ್ಚಾಗಲಿ. 2025ರ ಏಪ್ರಿಲ್‌ಗೆ ಮೊದಲಿನ ಬಿಲ್ಲುಗಳಿಗೆ ಇದನ್ನು ಎಳೆಯಲು ಹೋಗಬೇಡಿ, ಆಗ ನೀವು ಮಧ್ಯಮವೇ.

ಇನ್ನು 116 ಕೋಟಿ. ಅದರಲ್ಲಿ ರಫ್ತು ಎಷ್ಟು ಅಂತ ನೀವು ಬರೆದಿಲ್ಲ, ಎಲ್ಲ ನಿಂತಿರುವುದು ಅದರ ಮೇಲೆ. 16 ಕೋಟಿ ಅಥವಾ ಜಾಸ್ತಿ ಇದ್ದರೆ ನೀವು ಸಣ್ಣವರೇ. 12 ಇದ್ದರೆ ನಿವ್ವಳ 104, ಯಂತ್ರದ ಲೆಕ್ಕ ಎಷ್ಟೇ ಕಡಿಮೆ ಇದ್ದರೂ ಮಧ್ಯಮ. ಆದರೆ ಅದು ಆ ವರ್ಷದ ರಿಟರ್ನ್ ಹಾಕಿದ ಮೇಲೆ ತಟ್ಟುವ ಬಿಸಿ. ಮೇಲಿನ ವರ್ಗಕ್ಕೆ ಹೋದವರಿಗೆ ತೆರಿಗೆಯೇತರ ಸೌಲಭ್ಯಗಳು ಮೂರು ವರ್ಷ ಮುಂದುವರಿಯುತ್ತವೆ ಎಂದು 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಆಗಿದೆ. ತಡ ಪಾವತಿಯೂ ಅದರಲ್ಲಿ ಸೇರುತ್ತದೆ ಎಂದು ಸರ್ಕಾರ ಆಗ ಹೇಳಿತ್ತು. 43ಬಿ(ಎಚ್) ಮಾತ್ರ ತೆರಿಗೆಯ ವಿಷಯ, ಅದರ ಭರವಸೆಯ ಮೇಲೆ ಕೂರಬೇಡಿ.

ನನಗೆ ಇಡೀ ವ್ಯವಸ್ಥೆಯಲ್ಲಿ ಸರಿ ಕಾಣದ್ದು ಈ ವಹಿವಾಟಿನ ಅಳತೆ. ಗುಜರಿ ಕಬ್ಬಿಣದ ದರ ಏರಿದರೆ ನೀವು ಒಂದು ಟನ್ನೂ ಹೆಚ್ಚು ಎರಕ ಹೊಯ್ಯದೆ ಮಾರಾಟ ಏರಿಸಿಕೊಳ್ಳುತ್ತೀರಿ. ಪಕ್ಕದ ಶೆಡ್ಡಿನವರು ಅಷ್ಟೇ ಯಂತ್ರ, ಅಷ್ಟೇ ಜನ ಇಟ್ಟುಕೊಂಡು ಗಿರಾಕಿ ಕೊಟ್ಟ ಎರಕಕ್ಕೆ ಬರೀ ಜಾಬ್ ವರ್ಕ್ ಮಾಡಿದರೆ ಅವರ ಬಿಲ್ಲಿನಲ್ಲಿ ಬರುವುದು ಕೂಲಿ ಮಾತ್ರ, ಕಬ್ಬಿಣದ ಬೆಲೆ ಅಲ್ಲ. ಅವರು ಎಷ್ಟೋ ವರ್ಷ ಗೆರೆಯ ಕೆಳಗೇ ಉಳಿಯುತ್ತಾರೆ.

ಮಷಿನ್ ಶಾಪ್ ಬೇರೆ ಮಾಡುವ ವಿಚಾರ: ಲೆಕ್ಕ ನಡೆಯುವುದು ಪ್ಯಾನ್ ಮೇಲೆ. ಒಂದೇ ಪ್ಯಾನ್‌ನಡಿ ಎಷ್ಟು ಜಿಎಸ್‌ಟಿ ಸಂಖ್ಯೆ ಇದ್ದರೂ, ನಾಳೆ ಕೊಲ್ಲಾಪುರದಲ್ಲಿ ಘಟಕ ತೆರೆದರೂ, ಎಲ್ಲ ಒಟ್ಟಿಗೇ. ಬೇರೆ ಕಂಪನಿ ಅಂದರೆ ಬೇರೆ ಪ್ಯಾನ್, ಬೇರೆ ಲೆಕ್ಕ. ಯುರೋಪಿನಲ್ಲಿ ಇದು ನಡೆಯುವುದಿಲ್ಲ, ಒಂದು ಕಂಪನಿಗೆ ಇನ್ನೊಂದರಲ್ಲಿ ಶೇ 25ರಷ್ಟು ಪಾಲಿದ್ದರೂ ಅದರ ಅಂಕಿಗಳನ್ನು ಪಾಲಿಗೆ ತಕ್ಕಂತೆ ಸೇರಿಸಿ ಗಾತ್ರ ನೋಡುತ್ತಾರೆ. ನಮ್ಮಲ್ಲಿ ಈ ದಾರಿ ತೆರೆದಿದೆ, ನಿಜ. ಆದರೆ ಗಿರಾಕಿಯ ಪಟ್ಟಿಯಲ್ಲಿ ಹೊಸ ಪೂರೈಕೆದಾರರಾಗಿ ಸೇರಬೇಕು, ಬ್ಯಾಂಕಿನ ಸಾಲದ ಮಿತಿ ಹಂಚಬೇಕು, ಹೊಸ ಕಂಪನಿಗೆ ಟೆಂಡರಿನಲ್ಲಿ ತೋರಿಸಲು ಹಿಂದಿನ ಅನುಭವವೇ ಇರುವುದಿಲ್ಲ. ಗೆರೆಯಿಂದ ನಾಲ್ಕು ಕೋಟಿ ಆಚೀಚೆ ಇರುವವರಿಗೆ ಇಷ್ಟು ರಗಳೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮೊದಲು ರಫ್ತಿನ ಬಿಲ್ಲುಗಳನ್ನೆಲ್ಲ ಜಿಎಸ್‌ಟಿ ರಿಟರ್ನ್‌ನಲ್ಲಿ ರಫ್ತು ಅಂತಲೇ ತೋರಿಸಿದ್ದೀರಾ ಅಂತ ಆಡಿಟರ ಜೊತೆ ಕೂತು ತಾಳೆ ನೋಡಿ. ಅಲ್ಲಿ ತಪ್ಪಿದ್ದರೆ ಆ ಮೊತ್ತವೂ ದೇಶದೊಳಗಿನ ಮಾರಾಟದ ಲೆಕ್ಕಕ್ಕೆ ಸೇರಿ ನಿಮ್ಮನ್ನು 100 ದಾಟಿಸಬಹುದು.