ಬಿಪಿ, ಶುಗರ್ ಇಲ್ಲದಿದ್ದರೂ ಆ ಮಾತ್ರೆಗಳು ಯಾಕೆ?

ಅಪ್ಪನ ಎಕೋದಲ್ಲಿ ಇಎಫ್ 30 ಬಂದಿದೆ. ಬಿಪಿ, ಶುಗರ್ ಎರಡೂ ಇಲ್ಲ, ಆದ್ರೂ ಅವುಗಳ ಮಾತ್ರೆ ಸೇರಿಸಿ ನಾಲ್ಕು ಬರೆದಿದ್ದಾರೆ. ಯಾಕೆ?

ನಾಲ್ಕೂ ಹೃದಯಕ್ಕೇ ಕೊಟ್ಟಿರುವುದು. ಇಎಫ್ 30 ಅಂದರೆ, ಹೃದಯದ ಎಡಕೋಣೆ ತುಂಬಿಕೊಂಡ ರಕ್ತದಲ್ಲಿ ಪ್ರತಿ ಬಡಿತಕ್ಕೂ 30% ಮಾತ್ರ ಹೊರಗೆ ತಳ್ಳುತ್ತಿದೆ. ರಕ್ತ ಸಾಲದ್ದನ್ನು ಕಂಡ ದೇಹ, ಗಾಯವಾಗಿ ರಕ್ತ ಸೋರಿದಾಗ ಮಾಡುವುದನ್ನೇ ಮಾಡುತ್ತದೆ: ಅಡ್ರಿನಲಿನ್ ಏರಿಸಿ, ರಕ್ತನಾಳ ಬಿಗಿದು, ಉಪ್ಪು-ನೀರು ಹಿಡಿದಿಡುತ್ತದೆ. ಸೋತ ಎತ್ತಿಗೆ ಚಾಟಿ ಬೀಸಿದ ಹಾಗೆ, ಅಲ್ವಾ?

ಸ್ಯಾಕುಬಿಟ್ರಿಲ್-ವಾಲ್ಸಾರ್ಟಾನ್ ರಕ್ತನಾಳ ಸಡಿಲಿಸುತ್ತದೆ, ಹಾಗಾಗಿ ಹೃದಯ ಕಡಿಮೆ ಒತ್ತಡದ ಎದುರು ತಳ್ಳಿದರೆ ಸಾಕು. ಬೀಟಾ ಬ್ಲಾಕರ್ ಅಡ್ರಿನಲಿನ್ ಹೊಡೆತ ತಡೆಯುತ್ತದೆ. ಇದನ್ನು ತೀರಾ ಸಣ್ಣ ಡೋಸ್‌ನಿಂದ, ಉದಾಹರಣೆಗೆ ಕಾರ್ವೆಡಿಲಾಲ್ ಆದರೆ 3.125 ಮಿ.ಗ್ರಾಂ ದಿನಕ್ಕೆರಡು ಸಲ ಶುರುಮಾಡಿ, ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಏರಿಸುತ್ತಾರೆ. ಮೊದಮೊದಲು ಸುಸ್ತಾಗಬಹುದು, ಆದರೆ ನೀವಾಗೇ ಥಟ್ಟನೆ ನಿಲ್ಲಿಸಬೇಡಿ. ಸ್ಪೈರೊನೊಲ್ಯಾಕ್ಟೋನ್, ಉಪ್ಪು ಹಿಡಿದಿಡುವ ಮತ್ತು ಹೃದಯದ ಸ್ನಾಯುವನ್ನು ಗಡುಸು ಮಾಡುವ ಆಲ್ಡೋಸ್ಟೆರೋನ್ ಹಾರ್ಮೋನಿಗೆ ಅಡ್ಡ ನಿಲ್ಲುತ್ತದೆ. ಶುಗರ್ ಮಾತ್ರೆ ಬಹುಶಃ ಡಪಾಗ್ಲಿಫ್ಲೋಜಿನ್. ಅದು ಮೂತ್ರದಲ್ಲಿ ಸಕ್ಕರೆ, ಉಪ್ಪು ಕಳಿಸುತ್ತದೆ, ಜೊತೆಗೆ ನೀರೂ ಇಳಿಯುತ್ತದೆ. ಹೃದಯಕ್ಕೆ ಅದರ ಲಾಭ ಶುಗರ್ ಇಲ್ಲದವರಿಗೂ ಸಿಗುತ್ತದೆಂದು 2019ರ ದೊಡ್ಡ ಅಧ್ಯಯನದಲ್ಲಿ ಕಂಡುಬಂತು.

ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ, ಅದಕ್ಕೇ ನಾಲ್ಕೂ ಬೇಕು.

ಒಂದು ಎಚ್ಚರ. ಮೊದಲನೆಯದೂ ಸ್ಪೈರೊನೊಲ್ಯಾಕ್ಟೋನೂ ಸೇರಿದರೆ ರಕ್ತದಲ್ಲಿ ಪೊಟ್ಯಾಶಿಯಂ ಏರಬಹುದು. ಅದು ಮೈಗೆ ಗೊತ್ತಾಗದೆಯೇ ಬಡಿತದ ಲಯ ಕೆಡಿಸಬಲ್ಲದು. ಹಾಗಾಗಿ ಒಂದೆರಡು ವಾರದಲ್ಲಿ ಪೊಟ್ಯಾಶಿಯಂ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಎಳನೀರಿನಲ್ಲೂ ಪೊಟ್ಯಾಶಿಯಂ ಹೆಚ್ಚು, ಒಳ್ಳೆಯದು ಅಂತ ದಿನಾ ಕೊಡುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.