ಕ್ಯಾಪ್ಷನ್ ಚಿಕ್ಕದಾಗಬೇಕು, ಧಾಟಿ ಉಳಿಯಬೇಕು

«ನಮ್ಮ ಎಣ್ಣೆಯ ಇನ್‌ಸ್ಟಾಗ್ರಾಂ ಕ್ಯಾಪ್ಷನ್ ಇದು: “ಇಂದಿನ ವೇಗದ ಜೀವನಶೈಲಿಯಲ್ಲಿ ಆರೋಗ್ಯ ಅತ್ಯಂತ ಮುಖ್ಯವಾಗಿರುವುದರಿಂದ, ಕೋಲ್ಡ್ ಪ್ರೆಸ್ಡ್ ತಂತ್ರಜ್ಞಾನದ ಪ್ರೀಮಿಯಂ ಕಡಲೆಕಾಯಿ ಎಣ್ಣೆಯನ್ನು ನಿಮಗಾಗಿ ತಂದಿದ್ದೇವೆ. ಒಗ್ಗರಣೆ ಹಾಕಿ ನೋಡಿ, ಪಕ್ಕದ ಮನೆಯವರೂ ಕೇಳ್ತಾರೆ!” ಕತ್ತರಿಸಿದರೆ ನಮ್ಮ ಮನೆಮಾತಿನ ಧಾಟಿ ಹೋಗುತ್ತದೆ. ಏನು ಮಾಡಲಿ?»

ನಿಮ್ಮ ಧಾಟಿ ಇರುವುದು ಕೊನೆಯ ವಾಕ್ಯದಲ್ಲಿ ಮಾತ್ರ. ಆದ್ದರಿಂದ ಅದನ್ನು ಮುಟ್ಟದೆ ಮೊದಲಿಗೆ ತನ್ನಿ, ಏಕೆಂದರೆ ಉದ್ದದ ಕ್ಯಾಪ್ಷನ್‌ನ ಆರಂಭವಷ್ಟೇ ಫೀಡಿನಲ್ಲಿ ಕಾಣುತ್ತದೆ, ಉಳಿದದ್ದು ಮಡಚಿಕೊಳ್ಳುತ್ತದೆ. “ವೇಗದ ಜೀವನಶೈಲಿ” ಎಂಬ ಪೀಠಿಕೆಯನ್ನು ಯೋಗದ ಚಾಪೆಯ ಜಾಹೀರಾತಿಗೂ ಅಂಟಿಸಬಹುದಾದ್ದರಿಂದ ಅದನ್ನು ಪೂರ್ತಿ ತೆಗೆಯಿರಿ. “ಪ್ರೀಮಿಯಂ” ಕೂಡ ಹೋಗಲಿ.

“ಕೋಲ್ಡ್ ಪ್ರೆಸ್ಡ್” ವಿಷಯ ಬೇರೆ. ಪಾರಿಭಾಷಿಕವಾದರೂ ಅದರೊಳಗೆ ಒಂದು ಸಂಗತಿಯಿದೆ, ಜೊತೆಗೆ ಗ್ರಾಹಕರು ಹುಡುಕುವ ಪದವೂ ಅದೇ. ಹಾಗಾಗಿ ಸಂಗತಿಯನ್ನು ಮನೆಮಾತಿನಲ್ಲಿ ಹೇಳಿ, ಪದವನ್ನು ಹ್ಯಾಶ್‌ಟ್ಯಾಗಿಗೆ ಸರಿಸಿ:

“ಒಗ್ಗರಣೆ ಹಾಕಿ ನೋಡಿ, ಪಕ್ಕದ ಮನೆಯವರೂ ಕೇಳ್ತಾರೆ! ಬಿಸಿ ಮಾಡದೆ, ಗಾಣದಲ್ಲಿ ನಿಧಾನವಾಗಿ ತೆಗೆದ ಕಡಲೆಕಾಯಿ ಎಣ್ಣೆ. #ಕೋಲ್ಡ್‌ಪ್ರೆಸ್ಡ್”

ನಿಮ್ಮದು ಗಾಣವಲ್ಲದೆ ಯಂತ್ರವಾಗಿದ್ದರೆ “ಗಾಣ” ಎನ್ನಬೇಡಿ. ತಿದ್ದುವ ಭರದಲ್ಲಿ “ಕೇಳ್ತಾರೆ” ಎಂಬುದನ್ನು “ಕೇಳುತ್ತಾರೆ” ಮಾಡಿಬಿಡುವವರೂ ಇದ್ದಾರೆ (ನಾನೂ ಒಮ್ಮೆ ಹೀಗೆಯೇ ಕೆಡಿಸಿದ್ದೆ). ಧಾಟಿ ಸೋರಿಹೋಗುವುದು ಬಹುಮಟ್ಟಿಗೆ ಅಲ್ಲಿಯೇ, ಕತ್ತರಿಸಿದ್ದರಿಂದಲ್ಲ.