ಮನೆಗೆ ಬಾರದೆಯೇ ‘ಬಾಗಿಲು ಹಾಕಿತ್ತು’ ಎಂದರೆ?

ಪ್ರಶ್ನೆ: ಅಮ್ಮನಿಗೆ ಮೊಣಕಾಲಿನ ಬೆಲ್ಟ್ ಆರ್ಡರ್ ಮಾಡಿ ದುಡ್ಡೂ ಕಟ್ಟಿದ್ದೆ. ಮಂಗಳವಾರ ರಾತ್ರಿ 8.47ಕ್ಕೆ, ಮತ್ತೆ ಬುಧವಾರ 8.52ಕ್ಕೆ ‘ಬಾಗಿಲು ಹಾಕಿತ್ತು’ ಅಂತ ಮೆಸೇಜ್ ಬಂತು. ಅಮ್ಮ ಎರಡೂ ದಿನ ಮನೆಯಲ್ಲೇ ಇದ್ದರು. ಯಾರೂ ಬಂದಿಲ್ಲ, ಫೋನೂ ಮಾಡಿಲ್ಲ. ಕೊರಿಯರ್ ಕಸ್ಟಮರ್ ಕೇರ್‌ನವರು ‘ನಾಳೆ ಬರುತ್ತೆ’ ಅಂತಲೇ ಇದ್ದಾರೆ. ಏನು ಮಾಡಲಿ?
— ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಇವತ್ತೇ ಮಾರಾಟಗಾರರಿಗೆ ಬರೆಯಿರಿ ಮೇಡಂ. ಸಾಮಾನ್ಯವಾಗಿ ಮೂರು ಸಲ ‘ಆಗಲಿಲ್ಲ’ ಎಂದು ದಾಖಲಾದರೆ ಪಾರ್ಸೆಲ್ ವಾಪಸ್ ಹೊರಡುತ್ತದೆ. ಒಮ್ಮೆ ಹೊರಟ ಮೇಲೆ ಅದನ್ನು ತಿರುಗಿಸುವುದು ಕಷ್ಟ.

ನೀವು ಕೊಟ್ಟಿರುವ ಸಮಯ ನೋಡಿ. ಎರಡೂ ದಿನ ರಾತ್ರಿ ಒಂಬತ್ತರ ಹತ್ತಿರ. ದಿನದ ಲೆಕ್ಕ ಮುಗಿಸುವ ಹೊತ್ತಿಗೆ ಡೆಲಿವರಿ ಹುಡುಗನ ಬ್ಯಾಗಿನಲ್ಲಿ ಉಳಿದ ಪ್ರತಿ ಪಾರ್ಸೆಲ್‌ಗೂ ಆ್ಯಪ್‌ನಲ್ಲಿ ಏನಾದರೂ ಕಾರಣ ಒತ್ತಲೇಬೇಕು. ‘ಹೋಗಲು ಆಗಲಿಲ್ಲ’ ಎಂದರೆ ತಪ್ಪು ಅವನ ಮೇಲೆ ಬರುತ್ತದೆ. ‘ಬಾಗಿಲು ಹಾಕಿತ್ತು’ ಎಂದರೆ ನಿಮ್ಮ ಮೇಲೆ. ಒಬ್ಬನ ಮೇಲೆ ಹೊರಲಾರದಷ್ಟು ಪಾರ್ಸೆಲ್ ಹೇರಿದಾಗ ಹೀಗಾಗುವುದು ಜಾಸ್ತಿ. ಹಾಗಾಗಿ ಅವನ ಮೇಲೆ ಕೂಗಾಡಿ ಫಲವಿಲ್ಲ.

ಕೊರಿಯರ್‌ನವರಿಗೆ ಗಿರಾಕಿ ನೀವಲ್ಲ, ಮಾರಾಟಗಾರರು. ಪ್ರತಿ ಸಲ ಡೆಲಿವರಿ ತಪ್ಪಿದಾಗಲೂ ಅದು ಮಾರಾಟಗಾರರ ಕಂಪ್ಯೂಟರಿನಲ್ಲಿ ‘ಎನ್‌ಡಿಆರ್’ ಎಂಬ, ತಲುಪದ ಪಾರ್ಸೆಲ್‌ಗಳ ಪಟ್ಟಿಗೆ ಬಂದು ಬೀಳುತ್ತದೆ. ಅಲ್ಲಿ ಅವರು ‘ರೀ-ಅಟೆಂಪ್ಟ್’ ಎಂದು ಹಾಕಿದರೆ ಹಬ್‌ಗೆ, ಅಂದರೆ ನಿಮ್ಮ ಏರಿಯಾದ ಪಾರ್ಸೆಲ್‌ಗಳು ಹೊರಡುವ ಕೊರಿಯರ್ ಕೇಂದ್ರಕ್ಕೆ, ಲಿಖಿತ ಸೂಚನೆ ಹೋಗುತ್ತದೆ. ನೀವು ಹತ್ತು ಸಲ ಕಸ್ಟಮರ್ ಕೇರ್‌ಗೆ ಮಾಡಿದರೂ ಈ ಒಂದು ಸೂಚನೆಯಷ್ಟು ಕೆಲಸ ಆಗುವುದಿಲ್ಲ.

ಬರೆಯುವ ಮೊದಲು ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ, ಸಮಯ ಕಾಣುವ ಹಾಗೆ. ಸ್ಟೇಟಸ್ ಬದಲಾದರೆ ಹಳೆಯದು ಮತ್ತೆ ಸಿಗದೆ ಹೋಗಬಹುದು. ಆ ಹೊತ್ತಿನ ಫೋನ್ ಕಾಲ್ ಪಟ್ಟಿಯ ಸ್ಕ್ರೀನ್‌ಶಾಟೂ ಇರಲಿ. ಅಪಾರ್ಟ್‌ಮೆಂಟ್ ಆದರೆ ಸೆಕ್ಯುರಿಟಿಯವರ ಗೇಟ್ ಪುಸ್ತಕದ ಆ ದಿನದ ಪುಟದ ಫೋಟೊ ತೆಗೆದುಕೊಳ್ಳಿ. ನಮ್ಮ ಮನೆಗೂ ಹೀಗೊಮ್ಮೆ ಆದಾಗ ಆ ಪುಟವೇ ಮಾತು ಮುಗಿಸಿತು. ಅದರಲ್ಲಿ ಹಾಲಿನವರು, ಗ್ಯಾಸಿನವರು ಎಲ್ಲ ಇದ್ದರು, ಕೊರಿಯರ್‌ನವರು ಮಾತ್ರ ಇರಲಿಲ್ಲ.

ನಿಮ್ಮ ಕಡೆಯದೂ ಒಮ್ಮೆ ನೋಡಿಕೊಳ್ಳಿ. ಸ್ಪ್ಯಾಮ್ ತಡೆಯುವ ಆ್ಯಪ್ ಅವರ ಕರೆಯನ್ನು ತಾನೇ ಕಟ್ ಮಾಡಿರಬಹುದು. ಪಿನ್‌ಕೋಡ್ 560040 ಬದಲು ಪಕ್ಕದ ನಾಗರಬಾವಿಯ 560072 ಆಗಿದ್ದರೆ ಪಾರ್ಸೆಲ್ ಬೇರೆ ಹಬ್‌ಗೇ ಹೋಗಿರುತ್ತದೆ. ಮೇನ್, ಕ್ರಾಸ್ ಅದಲುಬದಲಾದರೂ ನಮ್ಮೂರಲ್ಲಿ ಮನೆ ಸಿಗುವುದಿಲ್ಲ ಅಲ್ವಾ?

ಈಗ ಇಷ್ಟು ಬರೆದು ಕಳಿಸಿ:

“ಟ್ರ್ಯಾಕಿಂಗ್ ನಂಬರ್ ಇದು. ಮಂಗಳವಾರ 8.47, ಬುಧವಾರ 8.52ಕ್ಕೆ ಬಾಗಿಲು ಹಾಕಿತ್ತು ಎಂದು ತೋರಿಸುತ್ತಿದೆ. ಎರಡೂ ದಿನ ಮನೆಯಲ್ಲಿ ಜನ ಇದ್ದರು. ಯಾರೂ ಬಂದಿಲ್ಲ, ಕರೆಯೂ ಇಲ್ಲ. ಪಾರ್ಸೆಲ್ ಬೇಡ ಎಂದು ನಾವು ಹೇಳಿಲ್ಲ. ಇವತ್ತೇ ರೀ-ಅಟೆಂಪ್ಟ್ ಹಾಕಿ. ಬಂದಿದ್ದರು ಎನ್ನುವುದಾದರೆ ಕರೆಯ ದಾಖಲೆ, ಫೋಟೊ ಅಥವಾ ಲೊಕೇಶನ್ ಕೊಡಿಸಿ.”

‘ಬೇಡ ಎಂದು ಹೇಳಿಲ್ಲ’ ಎಂಬ ಸಾಲು ಬಿಡಬೇಡಿ. ಮುಂದಿನ ಸಲ ‘ಗ್ರಾಹಕರು ನಿರಾಕರಿಸಿದರು’ ಎಂದು ಒತ್ತಿಬಿಟ್ಟರೆ ಪಾರ್ಸೆಲ್ ನೇರ ವಾಪಸ್ ಹೋಗಬಹುದು. ಆಗ ರೀಫಂಡ್‌ನಲ್ಲಿ ಕೊರಿಯರ್ ಖರ್ಚು ಮುರಿದುಕೊಳ್ಳದಂತೆ ಈ ಸಾಲೇ ನಿಮ್ಮನ್ನು ಕಾಯುತ್ತದೆ.

ಹಬ್ ಹತ್ತಿರವಿದ್ದರೆ ನೀವೇ ಹೋಗಿ ತರಬಹುದು. ಆದರೆ ಪಾರ್ಸೆಲ್ ಅಲ್ಲೇ ಇದೆಯಾ ಎಂದು ಕೇಳಿಕೊಂಡೇ ಹೊರಡಿ. ಬೆಳಿಗ್ಗೆ ಅದು ಮತ್ತೆ ಡೆಲಿವರಿಗೆ ಹೊರಟಿದ್ದರೆ ಸುಮ್ನೆ ಓಡಾಟ. ಟ್ರ್ಯಾಕಿಂಗ್ ನಂಬರ್, ಗುರುತಿನ ಚೀಟಿ ಜೊತೆಗಿರಲಿ.

ಇದೇ ಹೊತ್ತಿನಲ್ಲಿ ‘ವಿಳಾಸ ಸರಿಮಾಡಲು 5 ರೂಪಾಯಿ ಕಟ್ಟಿ’ ಎಂದು ಲಿಂಕ್ ಬಂದರೆ ಒತ್ತಬೇಡಿ, ಅದು ಮೋಸ. ಫೋನಿನಲ್ಲಿ ಒಟಿಪಿ ಕೇಳಿದರೂ ಕೊಡಬೇಡಿ. ಡೆಲಿವರಿಯ ಒಟಿಪಿಯನ್ನು ಪಾರ್ಸೆಲ್ ಕೈಗೆ ಬಂದ ಮೇಲೆ ಹೇಳಿದರೆ ಸಾಕು.

ಮಾರಾಟಗಾರರು ಜಗ್ಗದಿದ್ದರೆ, ನೀವು ಕೊಂಡ ಆ್ಯಪ್ ಅಥವಾ ವೆಬ್‌ಸೈಟಿನ ಕುಂದುಕೊರತೆ ಅಧಿಕಾರಿಗೆ ಅದೇ ಪತ್ರ ಕಳಿಸಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅಥವಾ consumerhelpline.gov.in ನಲ್ಲಿ ದೂರು ಹಾಕಿ. ಇವರು ಕಂಪನಿಗೆ ದೂರು ಮುಟ್ಟಿಸಿ ಉತ್ತರ ಕೊಡಿಸುತ್ತಾರೆ, ಆದೇಶ ಕೊಡುವ ಅಧಿಕಾರ ಇವರಿಗಿಲ್ಲ. ಆದೇಶ ಬೇಕೆಂದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ಮಾರಾಟಗಾರರು ಯಾವ ಊರಿನವರಾದರೂ ನೀವು ಬೆಂಗಳೂರಿನಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ಎರಡು ವರ್ಷದ ಗಡುವಿದೆ.